ಬಿಎಲ್‌ಎಸ್ ಕಾರ್ಡಿನ ಅವಧಿ ಯಾವಾಗ ಮುಗಿಯುತ್ತದೆ? ಚದುರಿದ ದಾಖಲೆಗಳಿಂದ ಮರುತರಬೇತಿಯ ಪಟ್ಟಿ ಕಟ್ಟುವ ಬಗೆ

ನಮ್ಮ ಆಸ್ಪತ್ರೆಯ ಐಸಿಯುವಿನಲ್ಲಿ ಕೆಲಸ ಮಾಡುವ ಸ್ಟಾಫ್ ನರ್ಸ್ ಒಬ್ಬರ ಕಡತದಲ್ಲಿ ಮಾಸಿದ ಜೆರಾಕ್ಸ್ ಪ್ರತಿಯೊಂದಿತ್ತು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೊಡುವ ಬಿಎಲ್‌ಎಸ್, ಅಂದರೆ ಹೃದಯ ನಿಂತವರನ್ನು ಬದುಕಿಸುವ ಪ್ರಾಥಮಿಕ ತರಬೇತಿಯ ಕಾರ್ಡಿನದು. ಅದರಲ್ಲಿ ಕಾರ್ಡು ಕೊಟ್ಟ ದಿನಾಂಕ 04/06/2023 ಎಂದಿತ್ತು. ನಾನು ಅದನ್ನು ಜೂನ್ 4 ಎಂದು ಓದಿ ಕಂಪ್ಯೂಟರಿಗೆ ಏರಿಸಿದೆ. ಜೂನ್‌ನಲ್ಲಿ ಕಲಿತವರ ಕಾರ್ಡು 2025ರ ಜೂನ್ ಕೊನೆಯವರೆಗೆ ನಡೆಯುತ್ತದೆ ಎಂದು ಪಟ್ಟಿಯಲ್ಲಿ ಬಂತು. ವಾರದ ನಂತರ ಅದೇ ಪ್ರತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ, ಕೆಳಗಡೆ ನವೀಕರಣದ ಗಡುವು ಇರುವಲ್ಲಿ 04/2025 ಎಂಬುದು ಕಾಣಿಸಿತು. ಅಂದರೆ ಕಾರ್ಡು ಕೊಟ್ಟದ್ದು ಜೂನ್ 4ಕ್ಕೆ ಅಲ್ಲ, ಏಪ್ರಿಲ್ 6ಕ್ಕೆ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ, ನಾವು ದಿನವನ್ನು ಮೊದಲು ಬರೆಯುತ್ತೇವೆ. ಒಂದು ಓದಿನ ತಪ್ಪಿನಿಂದ ಎರಡು ತಿಂಗಳ ವ್ಯತ್ಯಾಸ. ಆ ಎರಡು ತಿಂಗಳೂ ಅವರು ಐಸಿಯುವಿನಲ್ಲೇ ಇದ್ದರು, ಹೃದಯ ನಿಂತ ರೋಗಿಯ ಎದೆ ಒತ್ತುವ ಸರದಿ ಅವರಿಗೆ ಯಾವ ರಾತ್ರಿಯಾದರೂ ಬರಬಹುದಿತ್ತು.

ಕಲಬುರಗಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಸಿಬ್ಬಂದಿ ತರಬೇತಿಯ ಹೊಣೆ ನನ್ನದು. 64 ನರ್ಸುಗಳಿದ್ದಾರೆ. ಯಾರ ಬಿಎಲ್‌ಎಸ್ ಎಂದು ಮುಗಿಯುತ್ತದೆ ಎಂಬ ಒಂದೇ ಪ್ರಶ್ನೆಗೆ ಉತ್ತರ ಹುಡುಕಲು 2025ರ ಆಗಸ್ಟಿನಲ್ಲಿ ನನಗೆ ಮೂರು ವಾರ ಬೇಕಾದವು. ಆ ಕೆಲಸ ಹೇಗೆ ನಡೆಯಿತು, ಎಲ್ಲಿ ಎಡವಿದೆ, ಎರಡನೆಯ ಸಲ ಮಾಡುವವರು ಎಲ್ಲಿಂದ ಶುರು ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಬೀದರ್, ಯಾದಗಿರಿ ಕಡೆಯ ನರ್ಸಿಂಗ್ ಹೋಮ್‌ಗಳಲ್ಲಿ ಇದೇ ಕೆಲಸ ಮಾಡುವ ಗೆಳೆಯರು ಕೇಳುತ್ತಲೇ ಇದ್ದಾರೆ, ಅವರಿಗಾಗಿ.

ಕಾಗದಗಳು ಎಲ್ಲೆಲ್ಲಿ ಇರುತ್ತವೆ

ಮೊದಲು ಎಲ್ಲರೂ ನೋಡುವುದು ಆಡಳಿತ ಕಚೇರಿಯ ಕಪಾಟಿನಲ್ಲಿರುವ ವೈಯಕ್ತಿಕ ಕಡತ. ಅಲ್ಲಿ ಸಿಗುವುದು ಕೆಲಸಕ್ಕೆ ಸೇರಿದಾಗ ಕೊಟ್ಟ ಪ್ರತಿಗಳು. ಸೇರಿದ ಮೇಲೆ ಪಡೆದ ತರಬೇತಿಯ ಕಾಗದ ಅಲ್ಲಿಗೆ ತಲುಪುವುದು ಕಡಿಮೆ. ಎರಡನೆಯದು ನರ್ಸಿಂಗ್ ಸೂಪರಿಂಟೆಂಡೆಂಟರ ಕೊಠಡಿಯ ತರಬೇತಿ ಹಾಜರಿ ಪುಸ್ತಕ. ಮೂರನೆಯದು ತರಬೇತಿ ಕೇಂದ್ರದವರು ಮಿಂಚಂಚೆಯಲ್ಲಿ ಕಳಿಸಿದ ಪಿಡಿಎಫ್‌ಗಳು. ನಮ್ಮಲ್ಲಿ ಅವು ಕೆಲಸ ಬಿಟ್ಟುಹೋದ ಒಬ್ಬರ ಮಿಂಚಂಚೆ ಖಾತೆಯಲ್ಲಿ ಸಿಕ್ಕಿಕೊಂಡಿದ್ದವು. ನಾಲ್ಕನೆಯದು ವಾರ್ಡ್ ಇನ್‌ಚಾರ್ಜ್ ಸಿಸ್ಟರ್‌ಗಳ ಮೊಬೈಲ್, ವಾಟ್ಸ್‌ಆ್ಯಪ್‌ನಲ್ಲಿ ಬಂದ ಕಾರ್ಡಿನ ಫೋಟೊಗಳು. ಐದನೆಯದು ನರ್ಸುಗಳ ಮನೆ. ಆಳಂದ, ಸೇಡಂ, ಜೇವರ್ಗಿ ಕಡೆಯ ಊರುಗಳಿಂದ ಬರುವವರು ಮೂಲ ಪ್ರತಿಯನ್ನು ಮನೆಯ ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿರುತ್ತಾರೆ.

ಯಾರೂ ನೋಡದ ಆರನೆಯ ಜಾಗ ಲೆಕ್ಕಪತ್ರ ವಿಭಾಗ. ತರಬೇತಿ ಕೇಂದ್ರಕ್ಕೆ ತಲೆಗಿಷ್ಟು ಎಂದು ಹಣ ಕಟ್ಟಿರುತ್ತೇವೆ. ಆ ಬಿಲ್ಲಿನಲ್ಲಿ ದಿನಾಂಕವಿರುತ್ತದೆ, ತಲೆಗಳ ಸಂಖ್ಯೆ ಇರುತ್ತದೆ, ಹಲವು ಸಲ ಹೆಸರುಗಳ ಪಟ್ಟಿಯೂ ಇರುತ್ತದೆ. ಹಣದ ಕಾಗದವನ್ನು ಯಾರೂ ಕಳೆಯುವುದಿಲ್ಲ. ಉಳಿದ ಐದು ಕಡೆ ಒಂದಕ್ಕೊಂದು ತಾಳೆಯಾಗದಿದ್ದಾಗ ನನಗೆ ದಾರಿ ತೋರಿಸಿದ್ದು ಈ ವೋಚರುಗಳೇ. ಆದ್ದರಿಂದ ಅಲ್ಲಿಂದಲೇ ಶುರು ಮಾಡಿ ಎನ್ನುತ್ತೇನೆ. ಮೂರು ವರ್ಷದ ವೋಚರುಗಳನ್ನು ತಿರುವಿದರೆ ಯಾವ ಯಾವ ದಿನ ತರಬೇತಿ ನಡೆದಿದೆ ಎಂಬ ಬೆನ್ನೆಲುಬು ಅರ್ಧ ದಿನದಲ್ಲಿ ಸಿಗುತ್ತದೆ. ಆಮೇಲೆ ಆ ದಿನಾಂಕಗಳನ್ನು ಹಿಡಿದು ಹಾಜರಿ ಪುಸ್ತಕ ತೆರೆಯಿರಿ.

ಎರಡು ಹಾಳೆ ಸಾಕು

ನನ್ನ ಮೊದಲ ಪ್ರಯತ್ನ ಕೆಟ್ಟದ್ದು ಹಾಳೆಯ ರಚನೆಯಿಂದ. ಒಬ್ಬ ನರ್ಸಿಗೆ ಒಂದು ಸಾಲು, ಬಿಎಲ್‌ಎಸ್‌ಗೆ ಒಂದು ಕಲಂ, ಅದರಲ್ಲಿ ದಿನಾಂಕ. ನೋಡಲು ಚೆಂದ. ಆದರೆ ಹೊಸ ದಿನಾಂಕ ಸಿಕ್ಕ ಕೂಡಲೇ ಹಳೆಯದನ್ನು ಅಳಿಸಿ ಬರೆಯಬೇಕಾಗುತ್ತದೆ. ಅಳಿಸಿದ್ದು ಸರಿಯಾಗಿತ್ತೋ, ಬರೆದದ್ದು ಸರಿಯೋ ಎಂದು ಆಮೇಲೆ ಯಾರೂ ಹೇಳಲಾರರು.

ಈಗ ಎರಡು ಹಾಳೆ ಇಟ್ಟಿದ್ದೇನೆ. ಸೂತ್ರಗಳಲ್ಲಿ ಬಳಸಲು ಸುಲಭವಾಗಲೆಂದು ಒಂದಕ್ಕೆ `Staff`, ಇನ್ನೊಂದಕ್ಕೆ `Training` ಎಂದು ಹೆಸರು. ಮೊದಲನೆಯದರಲ್ಲಿ ಒಬ್ಬರಿಗೆ ಒಂದೇ ಸಾಲು: ಎ ಕಲಮಿನಲ್ಲಿ ಸಿಬ್ಬಂದಿ ಸಂಖ್ಯೆ, ನಂತರ ಹೆಸರು, ವಾರ್ಡು, ಸೇರಿದ ದಿನ, ಇ ಕಲಮಿನಲ್ಲಿ ಈಗ ಕೆಲಸದಲ್ಲಿ ಇದ್ದಾರೆಯೇ ಎಂಬುದು. ಎರಡನೆಯದರಲ್ಲಿ ಒಂದು ಕಾಗದಕ್ಕೆ ಒಂದು ಸಾಲು. ಒಬ್ಬರೇ ನರ್ಸಿಗೆ ಐದು ಕಾಗದ ಸಿಕ್ಕರೆ ಐದು ಸಾಲು. ಏನನ್ನೂ ಅಳಿಸುವಂತಿಲ್ಲ. ಅದರ ಕಲಂಗಳು ಹೀಗೆ: ಎ ಸಿಬ್ಬಂದಿ ಸಂಖ್ಯೆ, ಬಿ ಕಾಗದದಲ್ಲಿ ಇದ್ದಂತೆಯೇ ಹೆಸರು, ಸಿ ತರಬೇತಿ, ಡಿ ಪ್ರಮಾಣಪತ್ರ ಕೊಟ್ಟ ಸಂಸ್ಥೆ, ಇ ಕಾಗದದಲ್ಲಿ ಇದ್ದಂತೆಯೇ ದಿನಾಂಕ, ಎಫ್ ನಾವು ಒಪ್ಪಿಕೊಂಡ ದಿನಾಂಕ, ಜಿ ಕಾಗದ ಸಿಕ್ಕ ಜಾಗ, ಎಚ್ ಅವಧಿ ಮುಗಿಯುವ ದಿನ.

ದಿನಾಂಕಕ್ಕೆ ಎರಡು ಕಲಂ ಏಕೆ ಎಂದು ಎಲ್ಲರೂ ಕೇಳುತ್ತಾರೆ. ಕಾಗದದಲ್ಲಿ ಏನು ಬರೆದಿದೆ ಎಂಬುದು ಒಂದು ಸಂಗತಿ, ನಾವು ಅದನ್ನು ಹೇಗೆ ಅರ್ಥ ಮಾಡಿಕೊಂಡೆವು ಎಂಬುದು ಇನ್ನೊಂದು. 04/06/2023 ಎಂಬುದು ಇ ಕಲಮಿನಲ್ಲಿ ಹಾಗೆಯೇ ಕೂತಿದ್ದರಿಂದಲೇ ನಾನು ಮತ್ತೆ ಆ ಜೆರಾಕ್ಸ್‌ಗೆ ಮರಳಿದೆ. ಎಫ್ ಕಲಂ ಒಂದೇ ಇದ್ದಿದ್ದರೆ ಜೂನ್ 4 ಎಂಬುದು ಕಲ್ಲಿನ ಮೇಲೆ ಕೆತ್ತಿದಂತೆ ಉಳಿಯುತ್ತಿತ್ತು.

ಹೆಸರಿನಿಂದ ಜೋಡಿಸಲು ಹೋಗಬೇಡಿ, ಸಿಬ್ಬಂದಿ ಸಂಖ್ಯೆಯಿಂದಲೇ ಜೋಡಿಸಿ. ನಮ್ಮ ಭಾಗದಲ್ಲಿ ಮಹಾದೇವಿ, ಶರಣಮ್ಮ, ಫಾತಿಮಾ ಎಂಬ ಹೆಸರಿನವರು ಒಂದೊಂದು ಆಸ್ಪತ್ರೆಯಲ್ಲೂ ಇಬ್ಬರು ಮೂವರು ಇರುತ್ತಾರೆ. ಅದೇ ಒಬ್ಬರ ಹೆಸರು ಇಂಗ್ಲಿಷಿನಲ್ಲಿ ಮೂರು ಬಗೆಯ ಕಾಗುಣಿತದಲ್ಲಿರುತ್ತದೆ. ಮದುವೆಯ ನಂತರ ಅಡ್ಡಹೆಸರು ಬದಲಾಗಿರುತ್ತದೆ. ಕಾಗದದ ಮೇಲೆ ಸಂಖ್ಯೆ ಇರುವುದಿಲ್ಲ, ಆದ್ದರಿಂದ ಈ ಜೋಡಣೆಯನ್ನು ಒಂದೊಂದಾಗಿ ಕೈಯಿಂದಲೇ ಮಾಡಬೇಕು. ಅನುಮಾನ ಬಂದರೆ ಎ ಕಲಂ ಖಾಲಿ ಬಿಟ್ಟು, ಆ ನರ್ಸನ್ನೇ ಕರೆದು ಕೇಳಿ. ಸ್ಥಳದ ಹೆಸರಿನಿಂದಲೂ ಗೊಂದಲವಾಗಬಾರದು: 2014ರ ನವೆಂಬರ್ 1ರಂದು ಊರಿನ ಹೆಸರು ಅಧಿಕೃತವಾಗಿ ಕಲಬುರಗಿ ಎಂದಾದರೂ ಎಷ್ಟೋ ಕೇಂದ್ರಗಳ ಕಾಗದದಲ್ಲಿ ಇನ್ನೂ ಗುಲ್ಬರ್ಗ ಎಂದೇ ಅಚ್ಚಾಗಿರುತ್ತದೆ.

ಸರಿಯಾಗಿ ಕಾಣುವ ದಿನಾಂಕಗಳೇ ತಪ್ಪಾಗಿರುತ್ತವೆ

ಇಡೀ ಕೆಲಸದಲ್ಲಿ ಹೆಚ್ಚು ಹಾನಿ ಮಾಡುವುದು ಇದು, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕಂಪ್ಯೂಟರಿನ ಪ್ರದೇಶ ಹೊಂದಾಣಿಕೆ ಅಮೆರಿಕಕ್ಕೆ ಇದ್ದರೆ, ಎಕ್ಸೆಲ್‌ನಲ್ಲಿ ನೀವು 13/05/2024 ಎಂದು ಒತ್ತಿದಾಗ ಅದಕ್ಕೆ ಹದಿಮೂರನೆಯ ತಿಂಗಳು ಸಿಗುವುದಿಲ್ಲ. ಅದು ಅದನ್ನು ದಿನಾಂಕ ಎಂದು ಒಪ್ಪದೆ ಬರೀ ಅಕ್ಷರಗಳೆಂದು ಇಟ್ಟುಕೊಳ್ಳುತ್ತದೆ. ಅಕ್ಷರಗಳು ಅಂಕಣದ ಎಡಕ್ಕೆ ಅಂಟಿಕೊಳ್ಳುತ್ತವೆ. ಆದರೆ 03/05/2024 ಎಂದು ಒತ್ತಿದರೆ ಅದು ಸಂತೋಷದಿಂದ ಒಪ್ಪಿಕೊಂಡು ಮಾರ್ಚ್ 5 ಎಂದು ದಾಖಲಿಸಿ ಬಲಕ್ಕೆ ಸರಿಸುತ್ತದೆ. ನೀವು ಅಂದುಕೊಂಡದ್ದು ಮೇ 3. ಒಂದೇ ಕಲಮಿನಲ್ಲಿ ಕೆಲವು ದಿನಾಂಕ ಎಡಕ್ಕೆ, ಕೆಲವು ಬಲಕ್ಕೆ ಇದ್ದು, ಎಡಕ್ಕಿರುವವುಗಳ ದಿನದ ಅಂಕಿ ಎಲ್ಲವೂ 12ಕ್ಕಿಂತ ದೊಡ್ಡದಾಗಿದ್ದರೆ ರೋಗ ಇದೇ ಎಂದು ತಿಳಿಯಿರಿ. ಎಲ್ಲರೂ ಎಡಕ್ಕಿರುವುದನ್ನು ಮಾತ್ರ ತಿದ್ದುತ್ತಾರೆ. ನಿಜವಾಗಿ ಕೆಟ್ಟಿರುವುದು ಬಲಕ್ಕೆ ಅಚ್ಚುಕಟ್ಟಾಗಿ ಕೂತವು.

ಹಾಗಾಗಿ ಟೈಪ್ ಮಾಡುವ ಮೊದಲೇ ಇ ಕಲಂ ಪೂರ್ತಿಯನ್ನು `Text` ಮಾದರಿಗೆ ಬದಲಿಸಿ. ಎಫ್ ಕಲಮಿನಲ್ಲಿ ಮಾತ್ರ ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ ಬರುವಂತೆ `2024-05-03` ಎಂದು ಒತ್ತಿ. ಹೀಗೆ ಬರೆದರೆ ಯಾವ ಹೊಂದಾಣಿಕೆಯಲ್ಲೂ ಕಂಪ್ಯೂಟರ್ ತಪ್ಪು ತಿಳಿಯುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹಿರಿಯ ಸಿಸ್ಟರ್‌ಗಳು ೬-೪-೨೩ ಎಂದು ಕನ್ನಡ ಅಂಕಿಗಳಲ್ಲಿ ಬರೆದಿರುತ್ತಾರೆ, ಅದೂ ಇ ಕಲಮಿಗೆ ಹಾಗೆಯೇ ಹೋಗಲಿ. ಎಫ್ ಕಲಮಿನಲ್ಲಿ ಕನ್ನಡ ಅಂಕಿ ಹಾಕಿದರೆ ಅದು ದಿನಾಂಕವಾಗುವುದಿಲ್ಲ. ಎಲ್ಲ ತುಂಬಿದ ಮೇಲೆ ಪಕ್ಕದ ಖಾಲಿ ಕಲಮಿನಲ್ಲಿ ಈ ಸೂತ್ರ ಹಾಕಿ ಕೆಳಗಿನವರೆಗೆ ಎಳೆಯಿರಿ:

```
=ISNUMBER(F2)
```

`FALSE` ಬಂದ ಪ್ರತಿ ಸಾಲಿನ ಎಫ್ ಅಂಕಣ ಖಾಲಿ ಇರಬೇಕು, ಇಲ್ಲವೇ ಅಕ್ಷರವಾಗಿ ಕೂತಿರಬೇಕು. ಖಾಲಿ ಇರುವುದು ಬೇಕೆಂದೇ ಬಿಟ್ಟದ್ದಾಗಿರಬಹುದು, ಅಕ್ಷರವಾಗಿ ಕೂತದ್ದನ್ನು ತಿದ್ದಲೇಬೇಕು.

ಅವಧಿ ಲೆಕ್ಕ ಹಾಕುವುದು

ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಬಿಎಲ್‌ಎಸ್ ಕಾರ್ಡು ಎರಡು ವರ್ಷ ನಡೆಯುತ್ತದೆ, ಅದೂ ಆ ತಿಂಗಳ ಕೊನೆಯ ದಿನದವರೆಗೆ. 2023ರ ಏಪ್ರಿಲ್ 6ರ ಕಾರ್ಡು 2025ರ ಏಪ್ರಿಲ್ 30ಕ್ಕೆ ಮುಗಿಯುತ್ತದೆ. ಎಚ್ ಕಲಮಿಗೆ ಹಾಕುವ ಸೂತ್ರ:

```
=IF(F2="","",EOMONTH(F2,24))
```

ಎಚ್ ಕಲಮಿನಲ್ಲಿ ಕೈಯಿಂದ ದಿನಾಂಕ ಬರೆಯುವುದು ಬೇಡ. ಕಾರ್ಡಿನಲ್ಲಿ ನವೀಕರಣದ ತಿಂಗಳು ಅಚ್ಚಾಗಿದ್ದರೆ ಅದನ್ನು ಸೂತ್ರದ ಉತ್ತರದೊಂದಿಗೆ ಹೋಲಿಸಿ ನೋಡಿ. ಎರಡೂ ಒಂದೇ ಆಗಿದ್ದರೆ ನೀವು ಓದಿದ ದಿನಾಂಕ ಸರಿ. ಬೇರೆಯಾಗಿದ್ದರೆ ದಿನ ಮತ್ತು ತಿಂಗಳು ಅದಲು ಬದಲಾಗಿರುವ ಸಾಧ್ಯತೆಯೇ ಹೆಚ್ಚು. ಮಾಸಿದ ಪ್ರತಿಗಳಲ್ಲಿ ಅಡಗಿರುವ ಉಚಿತ ಪರೀಕ್ಷೆ ಇದು, ಇದರಿಂದ ನಮ್ಮಲ್ಲಿ ಬೇರೆ ನಾಲ್ಕು ಕಾರ್ಡುಗಳ ತಪ್ಪೂ ಹೊರಬಂತು. ಬೇರೆ ಸಂಸ್ಥೆ ಕೊಟ್ಟ ಪ್ರಮಾಣಪತ್ರವಾದರೆ ಅವಧಿಯೂ ಬೇರೆ ಇರಬಹುದು, ಆದ್ದರಿಂದ ಡಿ ಕಲಂ ನೋಡದೆ ಸೂತ್ರ ಎಳೆಯಬೇಡಿ.

ಇನ್ನು `Staff` ಹಾಳೆಯ ಎಫ್ ಕಲಮಿನಲ್ಲಿ, ಒಬ್ಬೊಬ್ಬರ ಕಾಗದಗಳ ಪೈಕಿ ಎಲ್ಲಕ್ಕಿಂತ ಕೊನೆಗೆ ಮುಗಿಯುವ ದಿನವನ್ನು ಎತ್ತಿಕೊಳ್ಳಬೇಕು:

```
=MAXIFS(Training!H:H,Training!A:A,A2,Training!C:C,"BLS")
```

ಇದು ಎಕ್ಸೆಲ್ 2019 ಮತ್ತು ಅದರ ನಂತರದ ಆವೃತ್ತಿಗಳಲ್ಲಿ, ಗೂಗಲ್ ಶೀಟ್ಸ್‌ನಲ್ಲಿ, ಲಿಬ್ರೆ ಆಫೀಸ್‌ನಲ್ಲಿ ನಡೆಯುತ್ತದೆ. ಯಾವ ಕಾಗದವೂ ಸಿಗದವರಿಗೆ ಉತ್ತರ ಸೊನ್ನೆ ಬರುತ್ತದೆ. ಆ ಸೊನ್ನೆ ದಿನಾಂಕದ ರೂಪದಲ್ಲಿ 1900 ಅಥವಾ 1899ನೆಯ ಇಸವಿಯಾಗಿ ಕಾಣುತ್ತದೆ. ನೂರಕ್ಕೂ ಹೆಚ್ಚು ವರ್ಷದ ಹಿಂದಿನ ದಿನಾಂಕ ಕಂಡು ಹಾಳೆ ಕೆಟ್ಟಿದೆ ಎಂದು ಗಾಬರಿಯಾಗಬೇಡಿ, ಅವರ ಬಗ್ಗೆ ಒಂದೂ ಕಾಗದ ಇಲ್ಲ ಎಂಬುದಷ್ಟೇ ಅದರ ಅರ್ಥ.

ಹಾಜರಿ ಇದ್ದರೆ ತರಬೇತಿ ಮುಗಿದಂತಲ್ಲ

ಐಸಿಯುವಿನ ಆ ಸಿಸ್ಟರ್‌ಗೆ ಮರಳುತ್ತೇನೆ. 2023ರ ಏಪ್ರಿಲ್ 6 ಎಂಬುದನ್ನು ಹಾಜರಿ ಪುಸ್ತಕದ ೬-೪-೨೩ ಎಂಬ ನಮೂದು ಸಾರಿ ಹೇಳಿತು. ಕಾರ್ಡು ಏಪ್ರಿಲ್ 30ಕ್ಕೆ ಮುಗಿದಿದೆ, ಅನುಮಾನವಿಲ್ಲ. ಆದರೆ ಅದೇ ಪುಸ್ತಕದಲ್ಲಿ 2025ರ ಮಾರ್ಚ್ 11ರ ಬಿಎಲ್‌ಎಸ್ ತರಬೇತಿಯ ಪುಟದಲ್ಲೂ ಅವರ ಹೆಸರಿತ್ತು. ನನಗೆ ನೆಮ್ಮದಿಯಾಯಿತು. ಹಾಗಿದ್ದರೆ ಹೊಸ ಕಾರ್ಡು 2027ರ ಮಾರ್ಚ್ 31ರವರೆಗೆ ಇದೆ ಎಂದುಕೊಂಡೆ.

ನೆಮ್ಮದಿ ಹೆಚ್ಚು ಹೊತ್ತು ಉಳಿಯಲಿಲ್ಲ. ಪುಟದಲ್ಲಿ 19 ಹೆಸರುಗಳಿದ್ದವು. ಲೆಕ್ಕಪತ್ರ ವಿಭಾಗದ ವೋಚರಿನಲ್ಲಿ ತರಬೇತಿ ಕೇಂದ್ರಕ್ಕೆ ಕಟ್ಟಿದ್ದು 18 ಮಂದಿಯ ಹಣ. ಪುಟವನ್ನು ಮತ್ತೆ ನೋಡಿದೆ. ಬೆಳಗಿನ ಕಲಮಿನಲ್ಲಿ 19 ಸಹಿ, ಮಧ್ಯಾಹ್ನದ ಕಲಮಿನಲ್ಲಿ 18. ಮಧ್ಯಾಹ್ನ ಖಾಲಿ ಇದ್ದದ್ದು ಇವರ ಹೆಸರಿನ ಮುಂದೆ.

ಕರೆದು ಕೇಳಿದೆ. "ಸರ್, ಅವತ್ತು ಐಸಿಯುವಿನಲ್ಲಿ ಮಂದಿ ಕಡಿಮೆ ಇತ್ತು. ಊಟಕ್ಕೆ ಮೊದಲೇ ಕರೆ ಬಂತು, ಹೋದೆ. ಬೊಂಬೆಯ ಮೇಲಿನ ಪರೀಕ್ಷೆ ಆಗಲೇ ಇಲ್ಲ. ಮುಂದಿನ ತಂಡದಲ್ಲಿ ಹಾಕುತ್ತೇವೆ ಎಂದಿದ್ದರು, ಆಮೇಲೆ ಯಾರೂ ಕರೆಯಲಿಲ್ಲ," ಎಂದರು. ಅವರ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ರೋಗಿಯ ಕಡೆಗೆ ಓಡಿದವರನ್ನು ನಮ್ಮ ಪುಸ್ತಕ ಮರೆತುಬಿಟ್ಟಿತ್ತು.

ಬಿಎಲ್‌ಎಸ್‌ನಲ್ಲಿ ಕೌಶಲ ಪರೀಕ್ಷೆ ಮುಗಿಸದವರಿಗೆ ಕಾರ್ಡು ಬರುವುದಿಲ್ಲ. ಆದರೂ ಮಾರ್ಚ್ 11ರ ಸಾಲನ್ನು ನಾನು ಹಾಳೆಯಿಂದ ತೆಗೆಯಲಿಲ್ಲ. ಇ ಕಲಮಿನಲ್ಲಿ ದಿನಾಂಕವನ್ನು ಹಾಗೆಯೇ ಬಿಟ್ಟು, ಎಫ್ ಖಾಲಿ ಮಾಡಿ, ಜಿ ಕಲಮಿನಲ್ಲಿ 'ಹಾಜರಿ ಪುಸ್ತಕ, ಮಧ್ಯಾಹ್ನ ಸಹಿ ಇಲ್ಲ, ಅಪೂರ್ಣ' ಎಂದು ಬರೆದೆ. ಎಫ್ ಖಾಲಿ ಇದ್ದರೆ ಎಚ್ ಕೂಡ ಖಾಲಿ, ಲೆಕ್ಕಕ್ಕೆ ಬರುವುದಿಲ್ಲ. ನಾಳೆ ಬೇರೆ ಯಾರಾದರೂ ಹಾಜರಿ ಪುಸ್ತಕ ನೋಡಿ ಅವರದ್ದು ಆಗಿದೆಯಲ್ಲ ಎಂದರೆ ಉತ್ತರ ಅಲ್ಲೇ ಇದೆ.

ಇದರಿಂದ ನಾನು ಇಟ್ಟುಕೊಂಡ ಪದ್ಧತಿ ಹೀಗಿದೆ. ಕಾರ್ಡು ಅಥವಾ ತರಬೇತಿ ಕೇಂದ್ರದ ಪಿಡಿಎಫ್ ಕಣ್ಣಿಗೆ ಬಿದ್ದರೆ ಮಾತ್ರ ಎಫ್ ಕಲಂ ತುಂಬುತ್ತೇನೆ. ಇ-ಕಾರ್ಡಿನಲ್ಲಿ ಕ್ಯೂಆರ್ ಕೋಡ್ ಇದ್ದರೆ ಮೊಬೈಲಿನಲ್ಲಿ ತೆರೆದು ಹೆಸರು ತಾಳೆ ನೋಡುತ್ತೇನೆ. ಹಾಜರಿ ಸಹಿ ಮಾತ್ರ ಇದ್ದರೆ ಆ ಸಾಲು ಬರೆಯುತ್ತೇನೆ, ಎಫ್ ಖಾಲಿ ಬಿಟ್ಟು ತರಬೇತಿ ಕೇಂದ್ರಕ್ಕೆ ಆ ದಿನದ ಪಟ್ಟಿ ಕಳಿಸಿ ಎಂದು ಬರೆಯುತ್ತೇನೆ. 'ನನ್ನದು ಆಗಿದೆ, ಕಾರ್ಡು ಮನೆಯಲ್ಲಿದೆ' ಎಂದವರಿಗೆ ಎರಡು ವಾರ ಕಾಲ ಕೊಡುತ್ತೇನೆ. ನಮ್ಮಲ್ಲಿ ಯಾವ ಕಾಗದವೂ ಇಲ್ಲದವರು ಆರು ಮಂದಿ ಇದ್ದರು. ನಾಲ್ವರು ವಾರದೊಳಗೆ ಊರಿನಿಂದ ಮೂಲ ಕಾರ್ಡು ತಂದು ತೋರಿಸಿದರು, ನಾಲ್ಕೂ ಚಾಲ್ತಿಯಲ್ಲಿದ್ದವು. ಉಳಿದ ಇಬ್ಬರನ್ನು ಸುಳ್ಳು ಹೇಳಿದರೆಂದು ಎಣಿಸಲಿಲ್ಲ, ತರಬೇತಿ ಆಗಬೇಕಾದವರ ಪಟ್ಟಿಗೆ ಸೇರಿಸಿದೆ ಅಷ್ಟೇ.

ತಿಂಗಳವಾರು ಎಣಿಸಿ, ತಂಡ ಕಟ್ಟುವುದು

ಮೂರನೆಯ ಹಾಳೆಯ ಎ ಕಲಮಿನಲ್ಲಿ ಮುಂದಿನ 24 ತಿಂಗಳುಗಳ ಮೊದಲ ದಿನಗಳನ್ನು ಬರೆಯಿರಿ. ಪಕ್ಕದಲ್ಲಿ ಈ ಸೂತ್ರ:

```
=COUNTIFS(Staff!F:F,">="&A2,Staff!F:F,"<="&EOMONTH(A2,0),Staff!E:E,"Y")
```

ಎಣಿಸುವುದು `Staff` ಹಾಳೆಯಿಂದ ಎಂಬುದನ್ನು ಗಮನಿಸಿ. `Training` ಹಾಳೆಯಿಂದ ಎಣಿಸಿದರೆ ಈಗಾಗಲೇ ನವೀಕರಿಸಿದವರ ಹಳೆಯ ಕಾರ್ಡುಗಳೂ ಲೆಕ್ಕಕ್ಕೆ ಬಂದು ಸಂಖ್ಯೆ ಉಬ್ಬುತ್ತದೆ. ಕೊನೆಯ ಷರತ್ತು ಕೆಲಸ ಬಿಟ್ಟವರನ್ನು ಹೊರಗಿಡುತ್ತದೆ, ಅದಕ್ಕಾಗಿ ಇ ಕಲಮಿನಲ್ಲಿ ಈಗ ಇರುವವರಿಗೆ `Y` ಎಂದು ಹಾಕಿಟ್ಟುಕೊಳ್ಳಿ.

ನಮ್ಮ ಲೆಕ್ಕ ಬಂದದ್ದು ಹೀಗೆ. ಏಳು ಮಂದಿಯ ಕಾರ್ಡು ಈಗಾಗಲೇ ಮುಗಿದಿತ್ತು. ಇಬ್ಬರ ಕಾಗದ ಇಲ್ಲ. ಮತ್ತು 2026ರ ಜನವರಿ ಎಂಬ ಒಂದೇ ತಿಂಗಳ ಮುಂದೆ 27 ಎಂಬ ಅಂಕಿ. 2024ರ ಜನವರಿಯಲ್ಲಿ ಒಂದು ತಪಾಸಣೆಯ ಮುಂಚೆ ಅವಸರದಲ್ಲಿ ಎರಡು ದಿನ 30 ಮಂದಿಗೆ ತರಬೇತಿ ಕೊಡಿಸಿದ್ದರು. ಮೂವರು ಆಮೇಲೆ ಕೆಲಸ ಬಿಟ್ಟರು. ಉಳಿದವರ ಕಾರ್ಡುಗಳೆಲ್ಲ ಒಂದೇ ದಿನ ಮುಗಿಯಲಿದ್ದವು. ಒಮ್ಮೆಲೇ ಮಾಡಿದ ತರಬೇತಿ ಒಮ್ಮೆಲೇ ಮುಗಿಯುತ್ತದೆ, ಹಾಗೆಯೇ ಬಿಟ್ಟರೆ ಎರಡು ವರ್ಷಕ್ಕೊಮ್ಮೆ ಅದೇ ಗುಡ್ಡ ಎದುರಿಗೆ ಬಂದು ನಿಲ್ಲುತ್ತದೆ. ಉಳಿದ 28 ಮಂದಿಯದು ಆ ಜನವರಿಯ ನಂತರ ಮುಗಿಯುವಂಥದ್ದು, ಅವರು ಸದ್ಯಕ್ಕೆ ಬೇಡ.

ಗುಡ್ಡ ಒಡೆಯಬೇಕಾದರೆ ಕೆಲವರನ್ನು ಅವಧಿಗೆ ಮೊದಲೇ ಕರೆಯಬೇಕು. ಇದಕ್ಕೆ ಬೆಲೆ ಇದೆ. ಹೊಸ ಕಾರ್ಡಿನ ಎರಡು ವರ್ಷ ಹೊಸ ತರಬೇತಿಯ ದಿನದಿಂದ ಶುರುವಾಗುತ್ತದೆ, ಹಳೆಯ ಕಾರ್ಡಿನಲ್ಲಿ ಉಳಿದ ತಿಂಗಳು ಜಮೆಯಾಗುವುದಿಲ್ಲ. ಸೆಪ್ಟೆಂಬರಿನಲ್ಲಿ ಕರೆದರೆ ನಾಲ್ಕು ತಿಂಗಳ ಅವಧಿ ಹೋಯಿತು ಎಂದೇ ಲೆಕ್ಕ. ಆಡಳಿತದವರು ಇದನ್ನು ಕೇಳಿಯೇ ಕೇಳುತ್ತಾರೆ. ಒಂದೇ ವಾರದಲ್ಲಿ 27 ಮಂದಿಯನ್ನು ವಾರ್ಡಿನಿಂದ ತೆಗೆದರೆ ಆಗುವ ತೊಂದರೆಯನ್ನು ಡ್ಯೂಟಿ ಚಾರ್ಟ್ ಮುಂದಿಟ್ಟು ತೋರಿಸಿ. ನಾನು ಹಾಗೆ ತೋರಿಸಿದ ಮೇಲೆ ಎರಡನೆಯ ಮಾತಿಲ್ಲದೆ ಒಪ್ಪಿದರು.

ನಮ್ಮ ಏರ್ಪಾಡಿನಲ್ಲಿ ಒಂದು ತಂಡಕ್ಕೆ 12 ಮಂದಿ: ಇಬ್ಬರು ಬೋಧಕರು, ಒಬ್ಬೊಬ್ಬರಿಗೆ ಆರು ಮಂದಿ. ಸೆಪ್ಟೆಂಬರಿನ ತಂಡಕ್ಕೆ ಅವಧಿ ಮುಗಿದ ಏಳು ಮಂದಿ, ಕಾಗದವಿಲ್ಲದ ಇಬ್ಬರು, ಜನವರಿಯ ಗುಂಪಿನಿಂದ ಮೂವರು. ಉಳಿದ 24 ಮಂದಿ ಅಕ್ಟೋಬರ್ ಮತ್ತು ನವೆಂಬರಿನಲ್ಲಿ ಹನ್ನೆರಡರಂತೆ. ಮುಂದಿನ ಸುತ್ತಿನಲ್ಲಿ ಇವರ ಕಾರ್ಡುಗಳು ಮೂರು ಬೇರೆ ಬೇರೆ ತಿಂಗಳಲ್ಲಿ ಮುಗಿಯುತ್ತವೆ.

ದಿನ ಗೊತ್ತು ಮಾಡುವಾಗ ಪಂಚಾಂಗ ಪಕ್ಕದಲ್ಲಿರಲಿ. ಸೆಪ್ಟೆಂಬರ್ 17 ನಮ್ಮಲ್ಲಿ ಕಲ್ಯಾಣ ಕರ್ನಾಟಕ ಉತ್ಸವ, ಅದರ ಆಚೀಚೆ ರಜೆ ಕೇಳುವವರು ಹೆಚ್ಚು. ಆ ವರ್ಷ ವಿಜಯದಶಮಿ ಅಕ್ಟೋಬರ್ 2ಕ್ಕೆ, ದೀಪಾವಳಿ 20ರಿಂದ. ಎರಡರ ನಡುವಿನ ವಾರವನ್ನೇ ಹಿಡಿದೆವು. ಡಿಸೆಂಬರನ್ನು ಬೇಕೆಂದೇ ಖಾಲಿ ಬಿಟ್ಟೆ. ತೊಗರಿ ರಾಶಿಯ ಹೊತ್ತಿಗೆ ಹೊಲ ಇರುವ ಮನೆಯವರು ಊರಿಗೆ ಹೋಗುತ್ತಾರೆ, ತಪ್ಪಿಸಿಕೊಂಡವರಿಗೆ ಒಂದು ಹೆಚ್ಚುವರಿ ದಿನವೂ ಬೇಕಲ್ಲ. ಒಂದು ವಾರ್ಡಿನಿಂದ ಒಂದು ದಿನ ಇಬ್ಬರಿಗಿಂತ ಹೆಚ್ಚು ತೆಗೆಯಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದವರನ್ನು ಅದೇ ಬೆಳಗ್ಗೆ ಕೂರಿಸಲಿಲ್ಲ. ಎದೆ ಒತ್ತುವುದು ಮೈಮುರಿಯುವ ಕೆಲಸ, ನಿದ್ದೆಗೆಟ್ಟವರು ಅದನ್ನು ಕಲಿಯುವುದಿಲ್ಲ, ಸಹಿಸಿಕೊಂಡು ಹೋಗುತ್ತಾರೆ. ಮತ್ತು ತರಬೇತಿಯಲ್ಲಿರುವವರನ್ನು ನಡುವೆ ವಾರ್ಡಿಗೆ ಕರೆಯುವಂತಿಲ್ಲ, ಅವರ ಜಾಗದಲ್ಲಿ ಬದಲಿ ಯಾರು ಎಂಬುದನ್ನು ಹಿಂದಿನ ದಿನವೇ ಚಾರ್ಟಿನಲ್ಲಿ ಬರೆದು ಇನ್‌ಚಾರ್ಜ್ ಸಿಸ್ಟರ್ ಸಹಿ ಹಾಕಬೇಕು ಎಂದು ಸೂಪರಿಂಟೆಂಡೆಂಟರೇ ಆದೇಶ ಮಾಡಿದರು.

ಕಾರ್ಡೇ ಇಲ್ಲದ ತರಬೇತಿ

ಜೈವಿಕ ವೈದ್ಯಕೀಯ ತ್ಯಾಜ್ಯದ ತರಬೇತಿ ಬೇರೆ ಜಾತಿಯದು. 2016ರ ನಿಯಮಗಳ ಪ್ರಕಾರ ತ್ಯಾಜ್ಯ ಮುಟ್ಟುವ ಎಲ್ಲರಿಗೂ ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ವರ್ಷಕ್ಕೆ ಒಮ್ಮೆಯಾದರೂ ತರಬೇತಿ ಕೊಡಬೇಕು. ಇದಕ್ಕೆ ಹೊರಗಿನವರ ಪ್ರಮಾಣಪತ್ರ ಇರುವುದಿಲ್ಲ, ಹಾಜರಿ ಪುಸ್ತಕದ ಸಹಿ ಅಥವಾ ಹೆಬ್ಬೆಟ್ಟೇ ಆಧಾರ. ಆದ್ದರಿಂದ ಇಲ್ಲಿ ಹಾಜರಿ ನೋಡಿಯೇ ಎಫ್ ತುಂಬಬೇಕು. ಎಚ್ ಕಲಮಿಗೆ ಸೂತ್ರ:

```
=IF(F2="","",EDATE(F2,12))
```

ತಿಂಗಳ ಕೊನೆಯವರೆಗೆ ಎಂಬ ಸಡಿಲ ಇಲ್ಲಿಲ್ಲ.

ಕಷ್ಟ ಇರುವುದು ಸ್ವಚ್ಛತಾ ಸಿಬ್ಬಂದಿಯ ಸಾಲುಗಳಲ್ಲಿ. ಅವರು ಏಜೆನ್ಸಿಯ ಮೂಲಕ ಬರುತ್ತಾರೆ, ನಮ್ಮ ಸಿಬ್ಬಂದಿ ಸಂಖ್ಯೆ ಅವರಿಗಿಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಎಲ್ಲರೂ ಕರೆಯುವುದು ಇನ್ನೊಂದು, ಹಾಜರಿ ಪುಸ್ತಕದಲ್ಲಿ ಬರೆದಿರುವುದು ಆ ಇನ್ನೊಂದು. ನಾನು ಅವರಿಗೂ ಒಂದೊಂದು ಸಂಖ್ಯೆ ಕೊಟ್ಟು, ಎರಡೂ ಹೆಸರು ಬರೆದಿಟ್ಟೆ. ಆಧಾರ್ ಸಂಖ್ಯೆಯನ್ನು ಹಾಳೆಯಲ್ಲಿ ಹಾಕಲಿಲ್ಲ, ಈ ಕೆಲಸಕ್ಕೆ ಅದು ಬೇಕಿಲ್ಲ. ಪ್ರತಿ ತಿಂಗಳ ಒಂದನೆಯ ತಾರೀಖು ಏಜೆನ್ಸಿಯವರಿಂದ ಆ ದಿನ ಕೆಲಸದಲ್ಲಿರುವವರ ಪಟ್ಟಿ ತರಿಸಿ `Staff` ಹಾಳೆಯೊಂದಿಗೆ ತಾಳೆ ಹಾಕುತ್ತೇನೆ. ಹೊಸ ಮುಖ ಕಂಡರೆ ಅಂದೇ ಪ್ರವೇಶ ತರಬೇತಿ.

ಇದನ್ನು ತಪ್ಪಿಸಲಾಗದು, ಏಕೆಂದರೆ ಹಿಂದಿನ ಜನವರಿಯಿಂದ ಡಿಸೆಂಬರ್‌ವರೆಗಿನ ವಾರ್ಷಿಕ ವರದಿಯನ್ನು ಜೂನ್ 30ರೊಳಗೆ ನಮೂನೆ 4ರಲ್ಲಿ ಸಲ್ಲಿಸಬೇಕು. ಅದರಲ್ಲಿ ಎಷ್ಟು ತರಬೇತಿ ನಡೆಯಿತು, ಎಷ್ಟು ಮಂದಿ ಪಡೆದರು, ಸೇರುವಾಗ ಪಡೆದವರೆಷ್ಟು ಎಂದು ಕೇಳುವುದರ ಜೊತೆಗೆ ಇದುವರೆಗೆ ಯಾವ ತರಬೇತಿಯನ್ನೂ ಪಡೆಯದವರೆಷ್ಟು ಎಂದೂ ಕೇಳುತ್ತಾರೆ. ಹಾಜರಿ ಪುಸ್ತಕ ಬಂದವರನ್ನು ಮಾತ್ರ ತೋರಿಸುತ್ತದೆ. ಬಾರದವರು ಕಾಣಬೇಕಾದರೆ ಕೆಲಸದಲ್ಲಿರುವವರ ಪಟ್ಟಿ ಎದುರಿಗಿರಬೇಕು. ನಮ್ಮಲ್ಲಿ ಹೀಗೆ ಕಂಡವರು ಇಬ್ಬರು: ರಾತ್ರಿ ಮಾತ್ರ ಬರುವ ಆಯಾ ಒಬ್ಬರು, ಆಂಬುಲೆನ್ಸ್ ತೊಳೆಯುವ ಹುಡುಗನೊಬ್ಬ. ಹಗಲಿನಲ್ಲಿ ನಡೆಯುವ ತರಬೇತಿ ಇಬ್ಬರಿಗೂ ಒಮ್ಮೆಯೂ ಸಿಕ್ಕಿರಲಿಲ್ಲ. ಮುಂದಿನ ತರಬೇತಿಯನ್ನು ರಾತ್ರಿ ಪಾಳಿ ಶುರುವಾಗುವ ಮುಂಚಿನ ಒಂದು ಗಂಟೆಗೆ ಇಟ್ಟೆವು, ಆಯಾಗೆ ಉರ್ದುವಿನಲ್ಲಿ ಹೇಳಬಲ್ಲ ಸಿಸ್ಟರ್ ಒಬ್ಬರನ್ನು ಕೂರಿಸಿದೆವು.

ಹಾಳೆ ಹಳಸದಂತೆ

ಇಷ್ಟು ಕಟ್ಟಿದ ಮೇಲೆ ಉಳಿಯುವುದು ಸಣ್ಣ ಕೆಲಸ. ತರಬೇತಿ ಮುಗಿದ ಸಂಜೆಯೇ ಸಾಲುಗಳನ್ನು ಬರೆಯುತ್ತೇನೆ, ಕಾರ್ಡು ಬಂದ ದಿನ ಎಫ್ ತುಂಬುತ್ತೇನೆ. ತರಬೇತಿ ಕೇಂದ್ರದವರು ಪಿಡಿಎಫ್‌ಗಳನ್ನು ಈಗ ಯಾರ ಸ್ವಂತ ವಿಳಾಸಕ್ಕೂ ಕಳಿಸುವುದಿಲ್ಲ, ತರಬೇತಿ ವಿಭಾಗದ ಸಾಮಾನ್ಯ ಮಿಂಚಂಚೆಗೇ ಕಳಿಸುತ್ತಾರೆ. ತಿಂಗಳ ಮೊದಲ ದಿನ `Staff` ಹಾಳೆಯಲ್ಲಿ ಈ ಸೂತ್ರ `TRUE` ಎಂದು ತೋರಿಸಿದ ನರ್ಸುಗಳ ಹೆಸರನ್ನು ವಾರ್ಡುವಾರು ಮುದ್ರಿಸಿ ಇನ್‌ಚಾರ್ಜ್‌ಗಳಿಗೆ ಕೊಡುತ್ತೇನೆ:

```
=AND(E2="Y",F2<=TODAY()+90)
```

ತೊಂಬತ್ತು ದಿನ ಏಕೆಂದರೆ ನಮ್ಮ ಊರಿನಲ್ಲಿ ಬೋಧಕರ ದಿನ ಸಿಗಲು ಒಂದೂವರೆ ತಿಂಗಳು ಬೇಕು, ಡ್ಯೂಟಿ ಚಾರ್ಟ್ ತಿಂಗಳ ಮುಂಚೆ ಆಗುತ್ತದೆ. ನಿಮ್ಮಲ್ಲಿ ಎಷ್ಟು ಬೇಕೋ ಅಷ್ಟು ಇಟ್ಟುಕೊಳ್ಳಿ. ಕಾಗದವೇ ಇಲ್ಲದವರ ಎಫ್ ಸೊನ್ನೆ ಇರುವುದರಿಂದ ಅವರೂ ತಾನಾಗಿಯೇ ಈ ಪಟ್ಟಿಗೆ ಬರುತ್ತಾರೆ.

ಐಸಿಯುವಿನ ಸಿಸ್ಟರ್ ಸೆಪ್ಟೆಂಬರಿನ ತಂಡದಲ್ಲಿ ಮೊದಲ ಹೆಸರು. ಆ ದಿನ ಅವರ ಜಾಗಕ್ಕೆ ಇಬ್ಬರು ಬದಲಿ ಇದ್ದರು. ಮಧ್ಯಾಹ್ನದ ಕಲಮಿನಲ್ಲಿ ಅವರ ಸಹಿ ಇದೆ, ಕಾರ್ಡಿನ ಪಿಡಿಎಫ್ ನಾಲ್ಕನೆಯ ದಿನ ಬಂತು, ಎಚ್ ಕಲಮಿನಲ್ಲಿ ಈಗ 2027ರ ಸೆಪ್ಟೆಂಬರ್ 30 ಎಂದಿದೆ.